ಏಳೂವರೆ ತಲೆಯ ತಾತ, ಎರಡೂವರೆ ತಲೆಯ ಗೊಂಬೆ

ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗಿಬರುವವರ ಗದ್ದಲ ತಗ್ಗಿತ್ತು. ನಮ್ಮ ಬೀದಿಯ ಹುಡುಗನೊಬ್ಬ ಫೋನ್ ಹಿಡಿದುಕೊಂಡು ಮನೆಗೆ ಬಂದ. ಅವನ ತಾತ ಕಂಸಾಳೆ ಕಟ್ಟಿ ಕುಣಿದವರು. ಈ ಸಲವೂ ಬೆಟ್ಟದಲ್ಲಿ ಎರಡು ಹೆಜ್ಜೆ ಹಾಕಿದ್ದರು, ಯಾರೋ ತಲೆಯಿಂದ ಪಾದದವರೆಗೂ ಚೆನ್ನಾಗಿ ಬರುವಂತೆ ಫೋಟೊ ತೆಗೆದಿದ್ದರು. ‘ಮೇಷ್ಟ್ರೇ, ಇದನ್ನ ಚಿಬಿ ಗೊಂಬೆ ಮಾಡ್ಬೇಕು. ತಲೆ ದಪ್ಪ, ಮೈ ಗಿಡ್ಡ. ಟೀವಿ ಪಕ್ಕದಲ್ಲಿ ಇಡೋದಕ್ಕೆ’ ಅಂದ. ಆ್ಯಪ್ ಒಂದರಲ್ಲಿ ತಲೆಯನ್ನು ಕತ್ತರಿಸಿ ದೊಡ್ಡದು ಮಾಡಿ, ಮೈಯನ್ನು ಕುಗ್ಗಿಸಿ ಅವನೇ ಒಂದು ಸಲ ನೋಡಿದ್ದ. ಅದನ್ನೂ ತೋರಿಸಿದ. ತಾತನ ತಲೆ ಬಲೂನಿನಂತೆ ಊದಿತ್ತು, ಕೈಕಾಲು ಬೆಂಕಿಕಡ್ಡಿಯಾಗಿದ್ದವು, ಕೊರಳಿನ ರುದ್ರಾಕ್ಷಿ ಸರ ಕಪ್ಪು ಗೀಟಾಗಿತ್ತು. ‘ಯಾಕೋ ಸರಿ ಬರ್ತಿಲ್ಲ’ ಅಂದ.

ಸರಿ ಬರದಿರುವುದಕ್ಕೆ ಕಾರಣವಿದೆ. ಚಿಬಿ ಎಂದರೆ ಕುಗ್ಗಿಸಿದ ಮನುಷ್ಯನಲ್ಲ. ಬೇರೆಯ ಅಳತೆಯಲ್ಲಿ ಮತ್ತೆ ಕಟ್ಟಿದ ಮನುಷ್ಯ. ಮೈಗೆ ಸಿಗುವ ಜಾಗ ತೀರಾ ಕಡಿಮೆಯಾದಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಬೇಕೆಂದೇ ಹಿಗ್ಗಿಸಬೇಕು ಎಂದು ಒಂದೊಂದಾಗಿ ತೀರ್ಮಾನಿಸಬೇಕಾಗುತ್ತದೆ. ಆ ಗೊಂಬೆ ಮುಗಿಯುವ ಹೊತ್ತಿಗೆ ನಾವಿಬ್ಬರೂ ಮಾಡಿದ ತೀರ್ಮಾನಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಲೆಯೇ ಅಳತೆಗೋಲು

‘ಚಿಬಿ’ ಜಪಾನಿ ಮಾತು. ಗಿಡ್ಡ, ಪುಟಾಣಿ ಎಂದು ಅರ್ಥ. ಸವೆದು ಮೋಟಾಗುವುದು ಎಂಬರ್ಥದ ಕ್ರಿಯಾಪದಕ್ಕೆ ಹತ್ತಿರದ ಪದ ಅದು. ಬಳಸಿ ಬಳಸಿ ಮೋಟಾದ ಪೆನ್ಸಿಲನ್ನು ನೆನೆದರೆ ಅರ್ಥ ಹಿಡಿಯುತ್ತದೆ. 1985ರಲ್ಲಿ ಶುರುವಾದ ‘ಎಸ್‌ಡಿ ಗುಂಡಮ್’ ಸರಣಿಯಲ್ಲಿ ದೈತ್ಯ ಯಂತ್ರಮಾನವರೇ ಹೀಗೆ ಮೋಟಾಗಿ ಗೊಂಬೆಗಳಾದರು. 2006ರಿಂದ ಬರುತ್ತಿರುವ, ಸುಮಾರು 10 ಸೆಂ.ಮೀ. ಎತ್ತರದ ‘ನೆಂಡೊರಾಯ್ಡ್’ ಗೊಂಬೆಗಳು ಈ ಆಕಾರವನ್ನು ಜಗತ್ತಿನ ಮೇಜುಗಳ ಮೇಲೆ ತಂದಿಟ್ಟವು. ಈ ಗೊಂಬೆಗಳನ್ನು ಅಳೆಯುವ ಮಾನ ಒಂದೇ: ಎತ್ತರವೆಂದರೆ ಎಷ್ಟು ತಲೆ?

ನೆತ್ತಿಯಿಂದ ಗಲ್ಲದವರೆಗಿನ ಉದ್ದ ಒಂದು ತಲೆ. ವಯಸ್ಕರ ಎತ್ತರ ಸುಮಾರು ಏಳರಿಂದ ಏಳೂವರೆ ತಲೆ. ಆಗತಾನೆ ಹುಟ್ಟಿದ ಕೂಸಿನದು ಸುಮಾರು ನಾಲ್ಕು ತಲೆ. ಚಿಬಿಯದು ಎರಡರಿಂದ ಮೂರು. ಅಂದರೆ ಲೋಕದ ಯಾವ ಮಗುವಿಗೂ ಇಲ್ಲದಷ್ಟು ದೊಡ್ಡ ತಲೆ ಅದಕ್ಕೆ. ದೊಡ್ಡ ತಲೆ, ಅಗಲ ಹಣೆ, ಕೆಳಗಿಳಿದ ದೊಡ್ಡ ಕಣ್ಣು, ಮೋಟು ಕೈಕಾಲು ಕಂಡರೆ ನಮ್ಮಲ್ಲಿ ಮುದ್ದು ಹುಟ್ಟುತ್ತದೆ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1943ರಲ್ಲಿ ವಿವರಿಸಿದ್ದರು. ಚಿಬಿ ಆ ಲಕ್ಷಣಗಳನ್ನು ಮಗುವಿನ ಅಳತೆಯನ್ನೂ ಮೀರಿ ಎಳೆದು ನಿಲ್ಲಿಸುತ್ತದೆ.

ಮುಖವನ್ನು ಮಾನವಾಗಿಟ್ಟುಕೊಂಡು ಮೈ ಅಳೆಯುವುದು ನಮ್ಮ ಶಿಲ್ಪಿಗಳಿಗೆ ಹೊಸದಲ್ಲ. ಶಿಲ್ಪಶಾಸ್ತ್ರದ ತಾಲಮಾನ ಇದೇ. ಒಂದು ತಾಲಕ್ಕೆ 12 ಅಂಗುಲ. ನವತಾಲದ ವಿಗ್ರಹ 108 ಅಂಗುಲ, ಗಣಪತಿಗೆ ಹೇಳಿದ ಪಂಚತಾಲ 60 ಅಂಗುಲ. ಗಣಪತಿ ನೋಡಿದೊಡನೆ ಮುದ್ದಾಗಿ ಕಾಣುವುದರಲ್ಲಿ ಈ ಅಳತೆಗೂ ಪಾಲಿದೆ. ಆದರೆ ಎರಡನ್ನೂ ಬೆರೆಸಬಾರದು. ಶಿಲ್ಪಿಯ ತಾಲ ಕೂದಲಂಚಿನಿಂದ ಗಲ್ಲದವರೆಗೆ, ಚಿಬಿಯ ತಲೆ ನೆತ್ತಿಯಿಂದ ಗಲ್ಲದವರೆಗೆ. ಒಂದರಲ್ಲಿ ಅಳೆದು ಇನ್ನೊಂದರಲ್ಲಿ ಬರೆದರೆ ಗೊಂಬೆ ಅಂದುಕೊಂಡದ್ದಕ್ಕಿಂತ ಗಿಡ್ಡವಾಗುತ್ತದೆ ಇಲ್ಲವೇ ಉದ್ದವಾಗುತ್ತದೆ.

ಫೋಟೊ ನಂಬಬಹುದೇ?

ಗೀಟು ಹಾಕುವ ಮೊದಲು ಫೋಟೊವನ್ನೇ ಪರೀಕ್ಷಿಸಬೇಕು. ಹತ್ತಿರದಲ್ಲಿ ನಿಂತು, ಕಣ್ಣಿನ ಮಟ್ಟದಿಂದ ತೆಗೆದ ಫೋಟೊದಲ್ಲಿ ತಲೆ ಮೊದಲೇ ದೊಡ್ಡದಾಗಿ, ಕಾಲು ಗಿಡ್ಡವಾಗಿ ಬಂದಿರುತ್ತದೆ. ಕೂತು ಮೇಲ್ಮುಖವಾಗಿ ತೆಗೆದರೆ ಇದರ ತಿರುಗುಮುರುಗು. ಫೋನಿನ ಅಗಲನೋಟದ ಲೆನ್ಸಂತೂ ಅಂಚಿಗೆ ಬಂದ ಪಾದವನ್ನು ಎಳೆದುಬಿಡುತ್ತದೆ. ಮೂರ್ನಾಲ್ಕು ಮೀಟರ್ ದೂರದಿಂದ, ಸೊಂಟದ ಮಟ್ಟದಲ್ಲಿ ಫೋನ್ ಹಿಡಿದು, ಮಾಮೂಲಿ ಲೆನ್ಸಿನಲ್ಲಿ ತೆಗೆದದ್ದು ಒಳ್ಳೆಯದು. ಪರೀಕ್ಷೆ ಸುಲಭ: ನೇರವಾಗಿ ನಿಂತವರ ತೊಡೆಗಳು ಕೂಡುವ ಜಾಗ ಎತ್ತರದ ನಡುಮಧ್ಯಕ್ಕೆ ಹತ್ತಿರವಿರಬೇಕು. ತುಂಬಾ ಕೆಳಗಿದ್ದರೆ ಫೋಟೊ ಮೇಲಿನಿಂದ ತೆಗೆದದ್ದು.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದ ಫೋಟೊ ಕೆಲವು ಫೋನುಗಳಲ್ಲಿ ಕನ್ನಡಿಯ ಬಿಂಬದಂತೆ ಎಡಬಲ ಅದಲುಬದಲಾಗಿ ಉಳಿಯುತ್ತದೆ. ಹಿಂದೆ ಅಂಗಡಿಯ ಬೋರ್ಡಿದ್ದರೆ ಅಕ್ಷರ ನೋಡಿ ತಿಳಿಯಬಹುದು. ಹೆಂಗಸರಾದರೆ ಸೆರಗು ಯಾವ ಹೆಗಲ ಮೇಲಿದೆ ಎಂದು ನೋಡಬಹುದು. ಕಂಸಾಳೆಯವರಾದರೆ ಕೈ ನೋಡಬೇಕು: ಬಟ್ಟಲಿನಾಕಾರದ ತಾಳ ಎಡಗೈಯಲ್ಲಿ, ದಾರಕ್ಕೆ ಕಟ್ಟಿ ಬೀಸುವ ತಟ್ಟೆ ಬಲಗೈಯಲ್ಲಿ. ತಾತನ ಫೋಟೊ ಈ ಪರೀಕ್ಷೆಗಳಲ್ಲೆಲ್ಲ ಗೆದ್ದಿತು.

ಒಂದೊಂದು ಭಾಗಕ್ಕೆ ಒಂದೊಂದು ಲೆಕ್ಕ

ಫೋಟೊವನ್ನು ಎ4 ಹಾಳೆಯಲ್ಲಿ ಮುದ್ರಿಸಿಕೊಂಡೆವು. ತಾತ ರುಮಾಲು ಸುತ್ತಿದ್ದರು. ಅಳತೆಗೆ ರುಮಾಲು ಸೇರಬಾರದು, ಅದರೊಳಗಿನ ನೆತ್ತಿಯನ್ನು ಊಹಿಸಿ ಚುಕ್ಕೆ ಇಡಬೇಕು. ಕಣ್ಣಿನ ಗೆರೆ ವಯಸ್ಕರ ತಲೆಯ ನಟ್ಟನಡುವೆ ಇರುತ್ತದೆ. ಹಾಗಾಗಿ ಕಣ್ಣಿನಿಂದ ಗಲ್ಲದವರೆಗೆ ಅಳೆದು, ಅಷ್ಟೇ ಮೇಲಕ್ಕೆ ಹೋದರೆ ನೆತ್ತಿ ಸಿಗುತ್ತದೆ. ಹೀಗೆ ಅಳೆದಾಗ ತಲೆ 3 ಸೆಂ.ಮೀ., ಇಡೀ ಎತ್ತರ 22.5 ಸೆಂ.ಮೀ. ಬಂತು. ಏಳೂವರೆ ತಲೆ. ಗಲ್ಲದಿಂದ ತೊಡೆ ಕೂಡುವವರೆಗೆ ಮೂರು ತಲೆ, ಅಲ್ಲಿಂದ ಪಾದದವರೆಗೆ ಮೂರೂವರೆ.

ಗೊಂಬೆಗೆ ಎರಡೂವರೆ ತಲೆಯ ಅಳತೆಯನ್ನು ಆರಿಸಿದೆವು. ಎರಡು ತಲೆಗೆ ಇಳಿಸಿದರೆ ಕೈಯಲ್ಲಿ ಏನನ್ನಾದರೂ ಹಿಡಿಸುವುದು ಕಷ್ಟ. ಮೂರಕ್ಕೆ ಏರಿಸಿದರೆ ಹುಡುಗ ಕೇಳಿದ ‘ತಲೆ ದಪ್ಪ’ದ ಸೊಗಸು ತೆಳುವಾಗುತ್ತದೆ. ಎತ್ತರ 15 ಸೆಂ.ಮೀ. ಎಂದರೆ ತಲೆಗೇ 6 ಹೋಯಿತು. ಮಿಕ್ಕ 9ರಲ್ಲಿ ಮುಂಡಕ್ಕೆ ನಾಲ್ಕೂವರೆ, ಕಾಲಿಗೆ ನಾಲ್ಕೂವರೆ. ಕತ್ತು ಇಲ್ಲವೇ ಇಲ್ಲ. ಗಲ್ಲ ನೇರವಾಗಿ ಹೆಗಲ ಮೇಲೆ ಕೂರುತ್ತದೆ. ರುಮಾಲು ಇದರ ಮೇಲೆ ಇನ್ನೊಂದು ಸೆಂ.ಮೀ.

ಆ್ಯಪ್‌ನಲ್ಲಿ ಮೈ ಯಾಕೆ ಬೆಂಕಿಕಡ್ಡಿಯಾಯಿತು ಎನ್ನುವುದು ಇಲ್ಲಿ ತಿಳಿಯುತ್ತದೆ. ಫೋಟೊದಲ್ಲಿ ಮುಂಡದ ಉದ್ದ ಮೂರು ತಲೆ ಇದ್ದದ್ದು ಗೊಂಬೆಯಲ್ಲಿ ಮುಕ್ಕಾಲು ತಲೆಗೆ ಇಳಿಯಿತು, ಅಂದರೆ ಕಾಲು ಪಾಲು. ಆದರೆ ಹೆಗಲಿನ ಅಗಲವನ್ನೂ ಕಾಲು ಪಾಲಿಗೆ ಇಳಿಸಿದರೆ ತಲೆಯ ಕೆಳಗೆ ಕಡ್ಡಿ ಸಿಕ್ಕಿಸಿದಂತೆ ಕಾಣುತ್ತದೆ. ಫೋಟೊದ ಹೆಗಲು 5.5 ಸೆಂ.ಮೀ. ಇತ್ತು, ಅಂದರೆ ಹತ್ತಿರಹತ್ತಿರ ಎರಡು ತಲೆ. ಗೊಂಬೆಯಲ್ಲಿ ಅದನ್ನು 4 ಸೆಂ.ಮೀ. ಮಾಡಿದೆವು, ಅಂದರೆ ತಲೆಯ ಮೂರನೇ ಎರಡು ಭಾಗ. ಉದ್ದ ನಾಲ್ಕರಲ್ಲೊಂದಕ್ಕೆ ಇಳಿದರೆ ಅಗಲ ಮೂರರಲ್ಲೊಂದಕ್ಕಿಂತ ಕೊಂಚ ಹೆಚ್ಚಿನಲ್ಲಿ ನಿಂತಿತು. ಚಿಬಿಯ ಗುಂಡಗಿನ ಮೈ ಬರುವುದು ಈ ಎರಡು ಲೆಕ್ಕಗಳ ನಡುವಿನ ಅಂತರದಿಂದಲೇ. ಕೈಕಾಲಿಗೂ ಇದೇ ನ್ಯಾಯ. ಮೊಣಕೈ, ಮೊಣಕಾಲಿನ ಗಂಟುಗಳು ಮಾಯವಾಗುತ್ತವೆ. ಬುಡದಲ್ಲಿ ದಪ್ಪವಾಗಿ, ತುದಿಗೆ ತುಸು ಕಿರಿದಾಗುವ ಬದನೆಕಾಯಿಯ ಆಕಾರ ಉಳಿಯುತ್ತದೆ.

ತಲೆ ಮುಟ್ಟದ ಕೈ

ನಾವು ನಿಜವಾಗಿ ಸಿಕ್ಕಿಹಾಕಿಕೊಂಡದ್ದು ಇಲ್ಲಿ. ಫೋಟೊದಲ್ಲಿ ತಾತನ ಬಲಗೈ ತಲೆಯ ಮೇಲಿತ್ತು, ತಟ್ಟೆ ಗಾಳಿಯಲ್ಲಿತ್ತು. ಬೀಸು ಕಂಸಾಳೆಯ ಜೀವ ಆ ಬೀಸಿನಲ್ಲೇ ಇದೆ. ಮನುಷ್ಯನ ಕೈ ಹೆಗಲಿನಿಂದ ಬೆರಳ ತುದಿಯವರೆಗೆ ಮೂರು ತಲೆಗೂ ಮಿಕ್ಕಿ ಉದ್ದ. ಮೇಲೆತ್ತಿದರೆ ನೆತ್ತಿಯ ಮೇಲೆ ಇನ್ನೊಂದೂವರೆ ತಲೆಯಷ್ಟು ಹೋಗುತ್ತದೆ. ಗೊಂಬೆಯ ಕೈ 4.5 ಸೆಂ.ಮೀ. ತೋಳಿನ ಬುಡ ಗಲ್ಲಕ್ಕಿಂತ ಅರ್ಧ ಸೆಂ.ಮೀ. ಕೆಳಗಿದೆ. ಕೈಯನ್ನು ನೆಟ್ಟಗೆ ಎತ್ತಿದರೂ ಗಲ್ಲದಿಂದ 4 ಸೆಂ.ಮೀ. ಮಾತ್ರ ಮೇಲೇರುತ್ತದೆ. ತಲೆ 6 ಸೆಂ.ಮೀ. ಇದೆ. ಕೈ ಹಣೆಯ ಮಟ್ಟದಲ್ಲೇ ನಿಂತುಬಿಡುತ್ತದೆ. ಅದೂ ನೆಟ್ಟಗೆ ಏರುವಂತಿಲ್ಲ, ದಪ್ಪ ಕೆನ್ನೆಯನ್ನು ಬಳಸಿಕೊಂಡು ಹೋಗಬೇಕು.

ಕೈಮುಗಿದು ತಲೆಯ ಮೇಲೆತ್ತುವುದು, ತಲೆಯ ಮೇಲೆ ಕೊಡ ಹಿಡಿಯುವುದು, ಪೇಟ ಸರಿಮಾಡಿಕೊಳ್ಳುವುದು, ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡುವುದು, ಈ ಯಾವ ಭಂಗಿಯೂ ಚಿಬಿಯಲ್ಲಿ ಇದ್ದಂತೆ ಬರುವುದಿಲ್ಲ. ಮೊದಲ ಸಲ ಮಾಡುವವರು ಕೈಯನ್ನು ಗುಟ್ಟಾಗಿ ಉದ್ದ ಮಾಡುತ್ತಾರೆ. ಆಗ ಗೊಂಬೆಗೆ ಕೋತಿಯ ತೋಳು ಬರುತ್ತದೆ, ನೋಡಿದವರಿಗೆ ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ.

ದಾರಿ ಒಂದೇ: ಭಂಗಿಯನ್ನು ಬಿಟ್ಟು ಚಲನೆಯನ್ನು ಹಿಡಿಯುವುದು. ಬಲಗೈಯನ್ನು ಪಕ್ಕಕ್ಕೆ ಚಾಚಿ ಕೆನ್ನೆಯ ಮಟ್ಟದಲ್ಲಿ ನಿಲ್ಲಿಸಿದೆವು. ತಟ್ಟೆಗೆ ಕಟ್ಟಿದ ದಾರ ಮತ್ತು ಗೊಂಡೆಯನ್ನು ಉದ್ದ ಮಾಡಿ, ತಲೆಯ ಹಿಂದಿನಿಂದ ಬಳಸಿ ಬರುವ ಬಿಲ್ಲಿನಂತೆ ಬಾಗಿಸಿದೆವು. ಕೈ ಹೋಗಲಾರದ ಜಾಗಕ್ಕೆ ಗೊಂಡೆ ಹೋಯಿತು. ಮೈಯನ್ನು ಬಲಕ್ಕೆ ತುಸು ವಾಲಿಸಿ, ಎಡಗಾಲಿನ ಹಿಮ್ಮಡಿ ಎತ್ತಿದಂತೆ ಮಾಡಿದ್ದರಿಂದ ಕುಣಿತ ಮರಳಿ ಬಂತು.

ತಾಳದ ಅಳತೆಯಲ್ಲೂ ಇಂಥದೇ ತೀರ್ಮಾನ ಬೇಕಾಯಿತು. ಫೋಟೊದಲ್ಲಿ ತಟ್ಟೆಯ ಅಗಲ ಸುಮಾರು ಅರ್ಧ ತಲೆ. ಕೈ ಕುಗ್ಗಿದ ಲೆಕ್ಕದಲ್ಲಿ ಅದನ್ನೂ ಕುಗ್ಗಿಸಿದರೆ 7 ಮಿ.ಮೀ., ಅಂಗಿಯ ಗುಂಡಿಯಂತೆ ಕಾಣುತ್ತದೆ. ತಲೆಯ ಲೆಕ್ಕದಲ್ಲೇ ಇಟ್ಟರೆ 3 ಸೆಂ.ಮೀ., ಎದೆಯೇ ಮುಚ್ಚಿಹೋಗುತ್ತದೆ. 2 ಸೆಂ.ಮೀ.ಗೆ ನಿಲ್ಲಿಸಿದೆವು. ಕೈಗೆ ಐದು ಬೆರಳು ಮಾಡಲಿಲ್ಲ. ಹೆಬ್ಬೆರಳು ಒಂದು, ಮಿಕ್ಕ ನಾಲ್ಕೂ ಸೇರಿದ ಮುಷ್ಟಿ ಒಂದು.

ಮೀಸೆ ಅಂಟಿಸಿಕೊಂಡ ಮಗು

ಮುಖದ ಮೊದಲ ಕರಡು ನೋಡಿ ಹುಡುಗ ತಲೆಯಾಡಿಸಿದ. ‘ಮೇಷ್ಟ್ರೇ, ಇದು ನಮ್ ತಾತ ಅಲ್ಲ. ಮೀಸೆ ಅಂಟಿಸ್ಕೊಂಡಿರೋ ಮಗು.’ ಅವನು ಹೇಳಿದ್ದು ನಿಜವಿತ್ತು. ಚಿಬಿಯ ಮಾಮೂಲಿ ಮುಖದಲ್ಲಿ ಕಣ್ಣಿನ ಗೆರೆಯನ್ನು ನಡುವಿನಿಂದ ಕೆಳಗಿಳಿಸುತ್ತಾರೆ. ನೆತ್ತಿಯಿಂದ ಐದರಲ್ಲಿ ಮೂರು ಪಾಲು ಕೆಳಗೆ, ಅಂದರೆ ನಮ್ಮ 6 ಸೆಂ.ಮೀ. ತಲೆಯಲ್ಲಿ 3.6ರ ಹತ್ತಿರ. ಕಣ್ಣು ಎತ್ತರವಾಗಿ, ದುಂಡಗೆ. ಮೂಗು ಒಂದು ಚುಕ್ಕೆ. ಬಾಯಿ ಕಣ್ಣಿಗೆ ಹತ್ತಿರ. ಎಳೆಯರಿಗೆ ಇದು ಒಪ್ಪುತ್ತದೆ. ಎಪ್ಪತ್ತು ದಾಟಿದವರಿಗೆ ಹೀಗೇ ಮಾಡಿದರೆ ವಯಸ್ಸೇ ಅಳಿಸಿಹೋಗುತ್ತದೆ.

ಸುಕ್ಕುಗಳನ್ನೆಲ್ಲ ಗೀಚಿದರೆ ಮುಖ ಬಿರುಕುಬಿಟ್ಟ ಮಡಕೆಯಂತಾಗುತ್ತದೆ. ಹಾಗಾಗಿ ಗೆರೆಗಳನ್ನು ಹೆಚ್ಚಿಸಲಿಲ್ಲ, ಆಕಾರಗಳನ್ನು ಬದಲಿಸಿದೆವು. ಕಣ್ಣಿನ ಗೆರೆ ಇದ್ದಲ್ಲೇ ಇರಲಿ, ಎತ್ತರ ಅರ್ಧವಾಗಲಿ, ಮೇಲಿನ ರೆಪ್ಪೆ ತುಸು ಇಳಿಯಲಿ. ಹುಬ್ಬು ದಪ್ಪಗೆ, ಬೆಳ್ಳಗೆ, ಕಣ್ಣಿಗೆ ಹತ್ತಿರ. ಮೂಗು ಚುಕ್ಕೆಯ ಬದಲು ಸಣ್ಣ ಉಬ್ಬು. ಮೂಗಿನಿಂದ ಬಾಯಿಯ ಮೂಲೆಗೆ ಇಳಿಯುವ ಮಡಿಕೆ ಪಕ್ಕಕ್ಕೊಂದರಂತೆ ಎರಡೇ. ಗುರುತು ಹಿಡಿಯಲು ಮುಖದಲ್ಲಿ ಮೂರು ಸಂಗತಿ ಸಾಕು. ತಾತನಲ್ಲಿ ಅವು ಕೆಳಮುಖವಾಗಿ ಬಾಗಿದ ಬಿಳಿ ಮೀಸೆ, ಹೊರಚಾಚಿದ ಕಿವಿ, ಎಡಕ್ಕೆ ವಾಲಿದ ರುಮಾಲು. ಈ ಮೂರನ್ನೂ ಇದ್ದದ್ದಕ್ಕಿಂತ ಒಂದು ಪಾಲು ಹೆಚ್ಚಿಸಿದೆವು. ಆಮೇಲೆ ಹಾಳೆಯನ್ನು ಮಾರು ದೂರದಲ್ಲಿ ಹಿಡಿದು ಹುಡುಗನ ಅಮ್ಮನಿಗೆ ತೋರಿಸಿದೆ. ಯಾರೆಂದು ಹೇಳದೆಯೇ ‘ಮಾವ’ ಅಂದರು. ಹೋಲಿಕೆಗೆ ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ನನಗೆ ಗೊತ್ತಿಲ್ಲ.

ಎಣಿಕೆ ಇಳಿಸಬಹುದಾದ್ದು, ಇಳಿಸಬಾರದ್ದು

ಇನ್ನು ಉಡುಪು. ತಾತನ ಮೈಮೇಲೆ ಕಾವಿ ಅಂಗಿ, ಕಚ್ಚೆ ಹಾಕಿದ ಪಂಚೆ, ಸೊಂಟಕ್ಕೆ ಕೆಂಪು ವಸ್ತ್ರ, ಕೊರಳಿಗೆ ರುದ್ರಾಕ್ಷಿ, ಹಣೆಗೆ ವಿಭೂತಿ, ಕಾಲಿಗೆ ಗೆಜ್ಜೆ. ಇದನ್ನೆಲ್ಲ 4 ಸೆಂ.ಮೀ. ಅಗಲದ ಮೈಯಲ್ಲಿ ಕೂರಿಸಬೇಕು. ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲು ಹೊರರೇಖೆ: ಇಡೀ ಗೊಂಬೆಯನ್ನು ಕಪ್ಪು ನೆರಳಾಗಿ ಬರೆದರೂ ಕಂಸಾಳೆಯವರು ಎಂದು ತಿಳಿಯಬೇಕು. ರುಮಾಲು, ಉಬ್ಬಿದ ಕಚ್ಚೆ, ಹಾರುವ ಗೊಂಡೆ ಈ ಕೆಲಸ ಮಾಡುತ್ತವೆ. ಆಮೇಲೆ ದೊಡ್ಡ ಬಣ್ಣದ ಪಟ್ಟಿಗಳು, ಮೂರು ಮೀರದಂತೆ: ಕಾವಿ, ಬಿಳಿ, ಕೆಂಪು. ಕೊನೆಗೆ ಸಣ್ಣ ಕೆಲಸ, ಅದೂ ಒಂದೇ ಕಡೆ. ಇಲ್ಲಿ ಅದು ಕೊರಳಿನ ಸರ. ಜೇಬು, ಗುಂಡಿ, ಹೊಲಿಗೆ, ಅಂಗಿಯ ಸುಕ್ಕು ಎಲ್ಲವನ್ನೂ ಬಿಟ್ಟೆವು. ಪಂಚೆಯ ಹತ್ತಾರು ನೆರಿಗೆ ಎರಡು ಗೆರೆಗೆ ಇಳಿಯಿತು.

ಸರಳಗೊಳಿಸುವುದೆಂದರೆ ಎಲ್ಲದರ ಎಣಿಕೆ ಇಳಿಸುವುದಲ್ಲ. ರುದ್ರಾಕ್ಷಿ ಸರದಲ್ಲಿ 108 ಮಣಿ ಇದ್ದರೂ ಗೊಂಬೆಯ ಎದೆಯ ಮೇಲೆ ಒಂಬತ್ತು ದೊಡ್ಡ ಮಣಿ ಸಾಕು. ಯಾರೂ ಎಣಿಸುವುದಿಲ್ಲ, ರುದ್ರಾಕ್ಷಿ ಎಂದು ತಿಳಿದರಾಯಿತು. ಗೆಜ್ಜೆ ಕಾಲಿಗೆ ಮೂರು ಸಾಕು. ಆದರೆ ವಿಭೂತಿಯ ಗೆರೆ ಮೂರೇ ಇರಬೇಕು. ಜಾಗವಿಲ್ಲವೆಂದು ಒಂದಕ್ಕೆ ಇಳಿಸಿದರೆ ಅದು ವಿಭೂತಿಯಾಗಿ ಉಳಿಯುವುದಿಲ್ಲ. ತಾಳ ಎರಡೇ ಇರಬೇಕು. ಎರಡೂ ಒಂದೇ ಆಕಾರದಲ್ಲಿ ಇರಬಾರದು, ಒಂದು ಬಟ್ಟಲು, ಒಂದು ತಟ್ಟೆ. ಎರಡನ್ನೂ ಒಂದೇ ತರದ ದುಂಡು ಮಾಡಿದರೆ ಅವು ಭಜನೆಯ ತಾಳವಾಗುತ್ತವೆ. ಯಾವ ಎಣಿಕೆ ಅಲಂಕಾರಕ್ಕೆ ಇದೆ, ಯಾವ ಎಣಿಕೆ ಅರ್ಥಕ್ಕೆ ಇದೆ ಎಂಬುದನ್ನು ಆ ವೇಷ ಕಟ್ಟಿದವರನ್ನೇ ಕೇಳಿ ತಿಳಿಯಬೇಕು.

ಕೆಲವನ್ನು ಹಿಗ್ಗಿಸಬೇಕಾಗುತ್ತದೆ. ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಟ ಹೆಣ್ಣುಮಗಳ ಫೋಟೊ ಎಂದುಕೊಳ್ಳಿ. ಸೀರೆಯ ಜರಿ ಅಂಚು ಮೈಯ ಲೆಕ್ಕದಲ್ಲಿ ಕುಗ್ಗಿದರೆ ಕೂದಲೆಳೆಯಾಗಿ, ಬಣ್ಣ ಹಾಕುವಾಗ ಮರೆಯಾಗಿಯೇ ಹೋಗುತ್ತದೆ. ಅದಕ್ಕೇ ಅಂಚನ್ನು ಗೊಂಬೆಯ ಕಾಲಿನ ಐದನೇ ಒಂದು ಪಾಲಿನಷ್ಟು ಅಗಲ ಮಾಡಿ, ಒಳಗಿನ ಕುಸುರಿಯನ್ನು ಬಿಟ್ಟು, ಒಂದೇ ಚಿನ್ನದ ಪಟ್ಟಿಯಾಗಿ ಉಳಿಸಬೇಕು. ಮೈತುಂಬ ಇರುವ ಬುಟ್ಟಾಗಳಿಗೆ ಬದಲು ದೊಡ್ಡದಾಗಿ ನಾಲ್ಕೈದು. ನೆರಿಗೆ ಮೂರು. ಆಗ ರೇಷ್ಮೆ ಸೀರೆ ರೇಷ್ಮೆ ಸೀರೆಯಾಗಿಯೇ ಕಾಣುತ್ತದೆ.

ಇಂಥ ಸಂಕ್ಷೇಪವನ್ನು ಚನ್ನಪಟ್ಟಣದ ಗೊಂಬೆಯವರು ಬಹಳ ಕಾಲದಿಂದ ಮಾಡುತ್ತಿದ್ದಾರೆ. ಆಲೆ ಮರವನ್ನು ಚರಕಿಗೆ ಹಾಕಿ ತಿರುಗಿಸಿದರೆ ಬರುವುದು ದುಂಡು ಆಕಾರ ಮಾತ್ರ. ಆದ್ದರಿಂದ ಗಂಡು ಹೆಣ್ಣಿನ ಗೊಂಬೆಗಳಲ್ಲಿ ತಲೆ ಒಂದು ಗುಂಡು, ಮೈ ಒಂದು ಗಂಟೆ, ಮಿಕ್ಕದ್ದೆಲ್ಲ ಅರಗಿನ ಬಣ್ಣದ ಪಟ್ಟಿ. ಅಲ್ಲಿ ಉಪಕರಣ ಹೇರಿದ ಮಿತಿಯನ್ನು ನಾವಿಲ್ಲಿ ಅಳತೆಯಿಂದ ಹೇರಿಕೊಳ್ಳುತ್ತೇವೆ.

ಬೀಳದಂತೆ ನಿಲ್ಲಿಸುವುದು

ಹಾಳೆಯ ಮೇಲೆ ಗೆದ್ದ ಚಿತ್ರ ಮಣ್ಣಿನಲ್ಲಿ ಬೀಳಬಹುದು. ನಮ್ಮದು ಮೊದಲ ದಿನ ಮಕಾಡೆ ಬಿತ್ತು. ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ. 6 ಸೆಂ.ಮೀ. ಎತ್ತರದ ದುಂಡು ತಲೆಗೆ ಸುಮಾರು 110 ಘನ ಸೆಂ.ಮೀ. ಮಣ್ಣು ಹಿಡಿಯುತ್ತದೆ. ಮುಂಡ, ಕೈ, ಕಾಲು ಎಲ್ಲ ಸೇರಿ ಅರವತ್ತರ ಆಸುಪಾಸು. ಭಾರದ ಮೂರನೇ ಎರಡು ಭಾಗ ಮೇಲೆಯೇ ಇದೆ. ಹಾಗಾಗಿ ಎರಡನೆಯ ಸಲ ತಲೆಯ ಒಳಗೆ 5 ಸೆಂ.ಮೀ. ಥರ್ಮೊಕೋಲ್ ಗುಂಡು ಇಟ್ಟು, ಮೇಲೆ ತೆಳುವಾಗಿ ಮಣ್ಣು ಹೊದಿಸಿದೆವು. ತಲೆಯ ಮಣ್ಣು ಅರ್ಧಕ್ಕಿಂತ ಕಡಿಮೆಯಾಯಿತು. ಇದು ಗಾಳಿಗೆ ಒಣಗುವ ಮಣ್ಣಿಗೆ ಮಾತ್ರ, ಸುಡುವ ಮಣ್ಣಿಗಲ್ಲ. ಅಂಗಾಲಿನಿಂದ ತಲೆಯವರೆಗೆ ಒಂದು ತಂತಿ ಓಡಿಸಿದೆವು, ಕತ್ತಿಲ್ಲದ ಗೊಂಬೆಯ ತಲೆ ಕಳಚುವುದು ಗಲ್ಲ ಹೆಗಲು ಸೇರುವಲ್ಲೇ. ಕಚ್ಚೆಯ ಬಟ್ಟೆ ಎರಡು ಕಾಲನ್ನೂ ಕೂಡಿಸಿ ಅಗಲ ಬುಡ ಕೊಟ್ಟಿತು. ಎತ್ತಿದ ಹಿಮ್ಮಡಿಯ ಕೆಳಗೆ 8 ಸೆಂ.ಮೀ. ಅಗಲದ ಪೀಠ ಬಂತು.

ಗೊಂಬೆ ಒಣಗಿ, ಬಣ್ಣ ಆದ ಮೇಲೆ ತಾತನ ಕೈಗೆ ಕೊಟ್ಟೆವು. ಅವರು ಮುಖವನ್ನು ಆಮೇಲೆ ನೋಡಿದರು. ಮೊದಲು ನೋಡಿದ್ದು ಎಡಗೈ, ಅದರಲ್ಲಿ ಬಟ್ಟಲು ಇದೆಯೇ ಎಂದು. ‘ಕೈ ಸರಿಯಾಗೇ ಅದೆ ಕಣಪ್ಪ’ ಅಂದರು. ನಿಮ್ಮ ಮನೆಯ ಹಿರಿಯರ ಫೋಟೊವನ್ನು ಹೀಗೆ ಗೊಂಬೆ ಮಾಡುವ ಮನಸ್ಸಿದ್ದರೆ, ಸ್ಕೇಲು ಹಿಡಿಯುವ ಮೊದಲು ಆ ಫೋಟೊ ಹಿಡಿದು ಅವರ ಪಕ್ಕದಲ್ಲಿ ಕೂತು ಒಂದೇ ಮಾತು ಕೇಳಿ: ಇದರಲ್ಲಿ ಯಾವುದನ್ನು ಬಿಟ್ಟರೆ ಇದು ನೀವಾಗಿ ಉಳಿಯುವುದಿಲ್ಲ? ಅವರು ಬೆರಳಿಟ್ಟು ತೋರಿಸಿದ್ದನ್ನು ಉಳಿಸಿ. ಮಿಕ್ಕದ್ದನ್ನು ಅಳತೆ ನೋಡಿಕೊಳ್ಳುತ್ತದೆ.